ಲಾಭವಿತ್ತು, ಗಲ್ಲಾ ಖಾಲಿಯಾಗಿತ್ತು

1973ರಲ್ಲಿ ಅಮೆರಿಕದ ಡಬ್ಲ್ಯೂ.ಟಿ. ಗ್ರಾಂಟ್ ಕಂಪನಿಯ ಷೇರಿಗೆ ಹೂಡಿಕೆದಾರರು ಅದರ ಗಳಿಕೆಯ ಸುಮಾರು 20 ಪಟ್ಟು ಬೆಲೆ ಕೊಡುತ್ತಿದ್ದರು. ದೇಶದ ತುಂಬ ಸುಮಾರು 1,200 ಅಂಗಡಿ, ವರ್ಷ ವರ್ಷ ಲಾಭ, ತಪ್ಪದ ಡಿವಿಡೆಂಡ್. 1906ರಲ್ಲಿ ಶುರುವಾದ ಮನೆತನದಂಥ ಸಂಸ್ಥೆ. 1975ರ ಅಕ್ಟೋಬರ್‌ನಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಮರುವರ್ಷ ಅಂಗಡಿಗಳಿಗೆಲ್ಲ ಬೀಗ ಬಿತ್ತು.

ಲಾಭದಲ್ಲಿದ್ದ ಕಂಪನಿಯ ಹಣ ಎಲ್ಲಿ ಹೋಯಿತು? ಬಹುಪಾಲು ಉದ್ರಿಗೆ. ಟಿವಿ, ಫ್ರಿಜ್, ಪೀಠೋಪಕರಣಗಳನ್ನೂ ಮಾರತೊಡಗಿದ್ದ ಗ್ರಾಂಟ್, ಗ್ರಾಹಕರಿಗೆ ತನ್ನದೇ ಕ್ರೆಡಿಟ್ ಕಾರ್ಡ್ ಹಂಚಿತು. ಯಾರಿಗೆ ಸಾಲ ಕೊಡಬೇಕೆಂಬ ನಿರ್ಧಾರ ಆಯಾ ಅಂಗಡಿಯ ಮ್ಯಾನೇಜರನದು. ತೀರಿಸಲು ವರ್ಷಗಟ್ಟಲೆ ಅವಕಾಶ. ಸಾಕಷ್ಟು ಕಾರ್ಡ್ ಮಾಡಿಸದ ಮ್ಯಾನೇಜರರ ಮುಖಕ್ಕೆ ಕ್ರೀಮಿನ ತಿನಿಸು ಎರಚಿ ಅವಮಾನಿಸುತ್ತಿದ್ದರೆಂದು ಆಮೇಲೆ ವರದಿಯಾಯಿತು. ಹೀಗಿರುವಾಗ ಗಿರಾಕಿಯ ಯೋಗ್ಯತೆಯನ್ನು ವಿಚಾರಿಸುತ್ತ ಕೂರುವವರು ಯಾರು?

ಒಂದು ಟಿವಿಯ ಲೆಕ್ಕ ಹಾಕಿ ನೋಡೋಣ, ಅಂಕಿಗಳು ವಿವರಣೆಗಷ್ಟೇ. ಅಂಗಡಿ 220 ಡಾಲರ್‌ಗೆ ಟಿವಿ ಕೊಂಡು ಆ ಹಣವನ್ನು ತಿಂಗಳೊಳಗೆ ಕಟ್ಟುತ್ತದೆ. ಅದನ್ನು 300 ಡಾಲರ್‌ಗೆ, ತಿಂಗಳಿಗೆ 10 ಡಾಲರ್ ಕಂತಿನಲ್ಲಿ ಮಾರುತ್ತದೆ. ಬಡ್ಡಿಯನ್ನು ಬದಿಗಿಡೋಣ. ಮಾರಿದ ದಿನವೇ ಲಾಭ-ನಷ್ಟದ ಲೆಕ್ಕದಲ್ಲಿ 80 ಡಾಲರ್ ಲಾಭ ಕೂತುಬಿಡುತ್ತದೆ. ಆದರೆ ಮೊದಲ ವರ್ಷ ಕೈಗೆ ಬರುವುದು 120, ಕೈಬಿಟ್ಟು ಹೋಗಿರುವುದು 220. ಗಲ್ಲಾದಲ್ಲಿ 100 ಕೊರತೆ. ಎರಡನೇ ವರ್ಷ ವ್ಯಾಪಾರ ಇಮ್ಮಡಿಯಾಗಿ ಎರಡು ಟಿವಿ ಮಾರಿದರೆ ಲಾಭ 160ಕ್ಕೇರುತ್ತದೆ. ಹಳೆಯ ಕಂತು, ಹೊಸ ಕಂತು ಸೇರಿ ಬರುವುದು 360, ಹೋಗುವುದು 440. ಮತ್ತೆ 80 ಕೊರತೆ. ಮೂರನೇ ವರ್ಷ ನಾಲ್ಕು ಮಾರಿದರೆ ಲಾಭ 320, ಕೊರತೆ 100. ಇಲ್ಲಿ ಒಬ್ಬ ಗಿರಾಕಿಯೂ ಕಂತು ತಪ್ಪಿಸಿಲ್ಲ ಎಂಬುದನ್ನು ಗಮನಿಸಬೇಕು. ಗ್ರಾಂಟ್‌ನ ಗಿರಾಕಿಗಳಲ್ಲಿ ತಪ್ಪಿಸಿದವರೂ ಬೇಕಾದಷ್ಟಿದ್ದರು.

ಲಾಭದ ಲೆಕ್ಕ ಮುಚ್ಚಿಡುವ ಈ ಕೊರತೆಯನ್ನು ನಗದು ಹರಿವಿನ ಪಟ್ಟಿ ಹೊರಗೆಳೆಯುತ್ತದೆ. ಅದರ ಮೊದಲ ಭಾಗ ಕಾರ್ಯಾಚರಣೆಯದು, ಅಂದರೆ ದಿನನಿತ್ಯದ ವ್ಯಾಪಾರದ್ದು. ಸಾಮಾನ್ಯವಾಗಿ ಲೆಕ್ಕ ಲಾಭದಿಂದಲೇ ಹೊರಡುತ್ತದೆ. ಕೈಯಿಂದ ಹಣ ಹೋಗದಿದ್ದರೂ ಖರ್ಚೆಂದು ಬರೆದ ಸವಕಳಿಯನ್ನು ವಾಪಸ್ ಕೂಡಿಸುತ್ತಾರೆ. ಗಿರಾಕಿಗಳಿಂದ ಬರಬೇಕಾದ ಬಾಕಿ, ಗೋದಾಮಿನ ಸರಕು ಎಷ್ಟು ಹೆಚ್ಚಿದೆಯೋ ಅಷ್ಟನ್ನು ಕಳೆಯುತ್ತಾರೆ. ನಮ್ಮ ಟಿವಿಗೆ ಮೊದಲ ವರ್ಷ 80 ಲಾಭ. ಬಾಕಿ ಉಳಿದದ್ದು 180. ಕಳೆದರೆ 100 ಕೊರತೆ. ಗಲ್ಲಾ ಹೇಳಿದ್ದೂ ಅದನ್ನೇ.

ಎರಡನೆಯದು ಹೂಡಿಕೆಯ ಭಾಗ: ಯಂತ್ರ, ಕಟ್ಟಡ ಮುಂತಾದವನ್ನು ಕೊಂಡದ್ದು, ಮಾರಿದ್ದು. ಗ್ರಾಂಟ್ ಅಂಗಡಿಗಳಿಗೆ ಹೆಚ್ಚಾಗಿ ಬಾಡಿಗೆಯ ಕಟ್ಟಡಗಳನ್ನೇ ಹಿಡಿದಿತ್ತು. ಹಾಗಾಗಿ ನೂರಾರು ಹೊಸ ಅಂಗಡಿ ತೆರೆದರೂ ಇಲ್ಲಿ ಗಾಬರಿಪಡುವಂಥದ್ದು ಕಾಣುತ್ತಿರಲಿಲ್ಲ.

ಕತೆ ಪೂರ್ತಿಯಾಗುವುದು ಮೂರನೆಯ ಭಾಗದಲ್ಲಿ. ಸಾಲ ತಂದದ್ದು, ತೀರಿಸಿದ್ದು, ಷೇರು ಬಂಡವಾಳ, ಡಿವಿಡೆಂಡ್ ಇಲ್ಲಿ ಬರುತ್ತವೆ. ಕುಸಿತಕ್ಕೆ ಮುಂಚಿನ 10 ವರ್ಷಗಳಲ್ಲಿ ಬಹುಪಾಲು ವರ್ಷ ಗ್ರಾಂಟ್‌ನ ಕಾರ್ಯಾಚರಣೆ ನಗದು ತರುವ ಬದಲು ನುಂಗಿತ್ತು. ಆ ಹಳ್ಳವನ್ನು ಅಲ್ಪಾವಧಿ ಸಾಲದಿಂದ ತುಂಬಿದರು. ಡಿವಿಡೆಂಡ್ ಕೊಟ್ಟದ್ದೂ ಒಂದರ್ಥದಲ್ಲಿ ಸಾಲದ ದುಡ್ಡಿನಿಂದಲೇ. 1974ರಲ್ಲಿ 143 ಬ್ಯಾಂಕ್‌ಗಳು ಒಟ್ಟಾಗಿ 60 ಕೋಟಿ ಡಾಲರ್ ಸಾಲಕ್ಕೆ ಒಪ್ಪಿದವು. ಅದರಿಂದ ಸಿಕ್ಕಿದ್ದು ಒಂದು ವರ್ಷದ ಉಸಿರು.

ಷೇರುದಾರರಿಗೆ ಇದು ಕಾಣಲಿಲ್ಲವೇ? ಆಗಿನ ವರದಿಗಳು ನಗದಿಗೆ ಬದಲಾಗಿ ದುಡಿಯುವ ಬಂಡವಾಳದ ಏರಿಳಿತ ತೋರಿಸುತ್ತಿದ್ದವು. ಅದರಲ್ಲಿ ಗಿರಾಕಿಯ ಬಾಕಿಯೂ ಗೋದಾಮಿನ ಸರಕೂ ನಗದಿನ ಪಂಕ್ತಿಯಲ್ಲೇ ಕೂರುತ್ತವೆ. ಬಾಕಿ ಬೆಳೆದಷ್ಟೂ ಸ್ಥಿತಿ ಚೆನ್ನಾಗಿದೆ ಎಂದೇ ತೋರುತ್ತದೆ. ಅಮೆರಿಕದಲ್ಲಿ ಮೂರು ಭಾಗಗಳ ನಗದು ಹರಿವಿನ ಪಟ್ಟಿ ಕಡ್ಡಾಯವಾದದ್ದು 1987ರ ಲೆಕ್ಕಪತ್ರ ನಿಯಮದಿಂದ. ಭಾರತದಲ್ಲಿ 2013ರ ಕಂಪನಿ ಕಾಯಿದೆ ಇದನ್ನು ಹಣಕಾಸು ಲೆಕ್ಕದ ಭಾಗವನ್ನಾಗಿಸಿದೆ, ಸಣ್ಣ ಕಂಪನಿಗಳಿಗೆ ವಿನಾಯಿತಿ ಕೊಟ್ಟು. ಉದ್ರಿಯಲ್ಲಿ ಸಿಕ್ಕಿಬೀಳುವವರಲ್ಲಿ ಅವರೇ ಹೆಚ್ಚಾದರೂ!

ಕಾರ್ಯಾಚರಣೆಯ ನಗದು ಒಂದು ವರ್ಷ ಕೊರತೆಯಲ್ಲಿದ್ದ ಮಾತ್ರಕ್ಕೆ ಕಂಪನಿ ಮುಳುಗುತ್ತದೆ ಎನ್ನಲಾಗದು. ಹಬ್ಬಕ್ಕೆ ಮೊದಲು ಸರಕು ತುಂಬಿಸಿದ್ದರೂ ಹಾಗೆ ಕಾಣಬಹುದು. ಕನಿಷ್ಠ ನಾಲ್ಕೈದು ವರ್ಷದ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು, ಲಾಭದ ಸಾಲಿನ ಕೆಳಗೆ ಕಾರ್ಯಾಚರಣೆಯ ನಗದಿನ ಸಾಲು ಬರೆದುಕೊಳ್ಳಬೇಕು. ಮೇಲಿನದು ಏರುತ್ತ, ಕೆಳಗಿನದು ಸೊನ್ನೆಯ ಕೆಳಗೇ ಉಳಿದಿದ್ದರೆ, ಬಾಕಿ ಮಾರಾಟಕ್ಕಿಂತ ವೇಗವಾಗಿ ಬೆಳೆಯುತ್ತಿದೆಯೇ, ಮೂರನೇ ಭಾಗದಲ್ಲಿ ಪ್ರತಿ ವರ್ಷ ಹೊಸ ಸಾಲ ಬರುತ್ತಿದೆಯೇ ಎಂದು ನೋಡಬೇಕು. ಗ್ರಾಂಟ್‌ನ ಲೆಕ್ಕದಲ್ಲಿ ಎರಡೂ ಇದ್ದವು.