ಮುಚ್ಚಿದ ಟಿಕೆಟ್ ಮತ್ತೆ ತೆರೆದಾಗ

ಕಚೇರಿಗಳ ಐಟಿ ಹೆಲ್ಪ್‌ಡೆಸ್ಕ್‌ಗೆ ಪದೇಪದೇ ಬರುವ ದೂರು, ‘ನನ್ನ ಅಕೌಂಟ್ ಲಾಕ್ ಆಗಿದೆ’. ದೂರಿಗೊಂದು ಟಿಕೆಟ್ ನಂಬರ್ ಸಿಗುತ್ತದೆ. ಸಿಬ್ಬಂದಿ ಅನ್‌ಲಾಕ್ ಮಾಡುತ್ತಾರೆ, ನೌಕರರು ಲಾಗಿನ್ ಆಗುತ್ತಾರೆ, ಟಿಕೆಟ್ ಮುಗಿಯುತ್ತದೆ. ಅರ್ಧ ಗಂಟೆಯೊಳಗೆ ಅಕೌಂಟ್ ಮತ್ತೆ ಲಾಕ್! ಟಿಕೆಟ್ ಮತ್ತೆ ತೆರೆದುಕೊಳ್ಳುತ್ತದೆ.

ಇಲ್ಲಿ ಬಹಳ ಸಲ ಆಗಿರುವುದಿಷ್ಟು: ಆ ನೌಕರರು ಹಿಂದಿನ ದಿನ ಪಾಸ್‌ವರ್ಡ್ ಬದಲಿಸಿರುತ್ತಾರೆ. ಲ್ಯಾಪ್‌ಟಾಪ್‌ನಲ್ಲಿ ಹೊಸದನ್ನು ಹಾಕಿದ್ದಾರೆ, ಫೋನಿನ ಮೇಲ್ ಆ್ಯಪ್‌ನಲ್ಲಿ ಹಳೆಯದೇ ಉಳಿದಿದೆ. ಫೋನ್ ತನ್ನಷ್ಟಕ್ಕೆ ಹಳೆಯ ಪಾಸ್‌ವರ್ಡ್ ಕಳಿಸುತ್ತಲೇ ಇರುತ್ತದೆ. ಗೊತ್ತುಪಡಿಸಿದಷ್ಟು ಸಲ ತಪ್ಪಾದ ಕೂಡಲೇ ಸರ್ವರ್ ಅಕೌಂಟ್ ಲಾಕ್ ಮಾಡುತ್ತದೆ. ಅನ್‌ಲಾಕ್ ಮಾಡಿದವರು ಲಕ್ಷಣವನ್ನಷ್ಟೇ ಅಳಿಸಿದ್ದರು. ವಿಂಡೋಸ್ ಡೊಮೇನ್‌ನಲ್ಲಾದರೆ ಲಾಕ್ ಆದ ಪ್ರತಿ ಸಲವೂ ಸೆಕ್ಯುರಿಟಿ ಲಾಗ್‌ನಲ್ಲಿ 4740 ಎಂಬ ದಾಖಲೆ ಬೀಳುತ್ತದೆ. ತಪ್ಪು ಪ್ರಯತ್ನ ಯಾವ ಯಂತ್ರದ ಮೂಲಕ ಬಂತೆಂಬುದು ಅದರಲ್ಲಿರುತ್ತದೆ. ಅಲ್ಲಿ ಮೇಲ್ ಸರ್ವರ್ ಹೆಸರು ಕಂಡರೆ ಫೋನಿನ ಮೇಲೆ ಅನುಮಾನಪಡಬೇಕು. ಅಷ್ಟೂ ಬೇಡ, ‘ಪಾಸ್‌ವರ್ಡ್ ಫೋನಲ್ಲೂ ಬದಲಿಸಿದ್ರಾ?’ ಎಂದು ಮೊದಲೇ ಕೇಳಿದ್ದರೂ ಸಾಕಿತ್ತು.

ಹೀಗೆ ಮರಳಿ ತೆರೆದ ಟಿಕೆಟ್‌ಗಳ ಪಾಲೇ ರೀಓಪನ್ ರೇಟ್. ಒಂದು ತಿಂಗಳಲ್ಲಿ 200 ಟಿಕೆಟ್ ಮುಗಿಸಿ, ಅವುಗಳಲ್ಲಿ 18 ಮರಳಿ ತೆರೆದವು ಎಂದುಕೊಳ್ಳಿ. ಲೆಕ್ಕ ಶೇ. 9. ಆದರೆ ಆ ಹದಿನೆಂಟನ್ನೂ ಬಿಡಿಸಿ ಓದಲೇಬೇಕು. ಜೆಂಡೆಸ್ಕ್‌ನಂಥ ವ್ಯವಸ್ಥೆಗಳಲ್ಲಿ, ಪರಿಹಾರವಾಯಿತೆಂದು ಗುರುತಿಸಿದ ಟಿಕೆಟ್‌ಗೆ ಗ್ರಾಹಕರು ‘ಥ್ಯಾಂಕ್ಸ್’ ಎಂದು ಉತ್ತರಿಸಿದರೂ ಅದು ತೆರೆದುಕೊಳ್ಳುತ್ತದೆ. ಅಂಥವು 5, ಹಳೆಯ ಟಿಕೆಟ್‌ನಲ್ಲೇ ಬೇರೆ ಪ್ರಶ್ನೆ ಕೇಳಿದವು 3 ಇದ್ದರೆ, ಕೆಲಸ ನಿಜವಾಗಿ ಕೆಟ್ಟದ್ದು 10ರಲ್ಲಿ, ಅಂದರೆ ಶೇ. 5. ಆ ಹತ್ತರಲ್ಲಿ ಆರು ಅಕೌಂಟ್ ಲಾಕ್‌ನವೇ ಆಗಿದ್ದರೆ ಸಿಬ್ಬಂದಿಯನ್ನು ಗದರಿಸಿ ಉಪಯೋಗವಿಲ್ಲ. ಫೋನಿನ ಪ್ರಶ್ನೆ ಅವರ ಪರಿಶೀಲನಾ ಪಟ್ಟಿಗೆ ಸೇರಬೇಕು.

ಈ ಸಂಖ್ಯೆಯನ್ನು ಒಬ್ಬೊಬ್ಬರ ಬಡ್ತಿಗೆ ಕಟ್ಟಿಹಾಕುವುದು ತಪ್ಪೆಂದೇ ನನ್ನ ಅಭಿಪ್ರಾಯ. ಕಷ್ಟದ ದೂರುಗಳನ್ನು ಹೊರುವವರ ಟಿಕೆಟ್‌ಗಳೇ ಹೆಚ್ಚು ಮರಳುತ್ತವೆ. ಪಾಸ್‌ವರ್ಡ್ ಮರೆತವರಿಗೆ ಹೊಸದು ಕೊಡುವವರದು ಮರಳುವುದು ಕಡಿಮೆ. ಮೇಲಾಗಿ, ಒತ್ತಡ ಬಿದ್ದೊಡನೆ ‘ಇದನ್ನು ತೆರೆಯಬೇಡಿ, ಹೊಸ ಟಿಕೆಟ್ ಹಾಕಿ’ ಎನ್ನುವ ಮಾತು ಶುರುವಾಗುತ್ತದೆ. ರೇಟ್ ಇಳಿಯುತ್ತದೆ, ದೂರುದಾರರು ಮಾತ್ರ ಅದೇ ಕಥೆಯನ್ನು ಮತ್ತೊಬ್ಬರಿಗೆ ಮೊದಲಿನಿಂದ ಹೇಳಬೇಕಾಗುತ್ತದೆ.

ಗಡುವೂ ಲೆಕ್ಕವನ್ನು ಮರೆಮಾಡಬಲ್ಲದು. ಹಲವು ವ್ಯವಸ್ಥೆಗಳಲ್ಲಿ ಕೆಲವು ದಿನ ಕಳೆದ ಮೇಲೆ ಟಿಕೆಟ್ ಕಾಯಂ ಮುಚ್ಚಿಹೋಗುತ್ತದೆ. ಆಮೇಲೆ ಬಂದ ಉತ್ತರಕ್ಕೆ ಬೇರೆಯೇ ಟಿಕೆಟ್ ಹುಟ್ಟುತ್ತದೆ. ಅದಕ್ಕೇ ರೀಓಪನ್ ರೇಟ್‌ನ ಪಕ್ಕದಲ್ಲಿ ಇನ್ನೊಂದು ಎಣಿಕೆ ಇಟ್ಟುಕೊಳ್ಳಬೇಕು: ಅದೇ ವ್ಯಕ್ತಿ ಅದೇ ತೊಂದರೆಗಾಗಿ 30 ದಿನದೊಳಗೆ ಹಾಕಿದ ಹೊಸ ಟಿಕೆಟ್‌ಗಳು ಎಷ್ಟು? ಮೊದಲನೆಯದು ಇಳಿಯುತ್ತಾ ಎರಡನೆಯದು ಏರುತ್ತಿದ್ದರೆ, ಅಕೌಂಟ್‌ಗಳು ಇನ್ನೂ ಲಾಕ್ ಆಗುತ್ತಲೇ ಇವೆ.