ಒಂದು ಚೀಲ, ನಾಲ್ಕು ಅಪರಾಧ

ಅಡಿಕೆ ಮಾರಿದ ಹಣದಲ್ಲಿ 2 ಲಕ್ಷ ರೂಪಾಯಿಯನ್ನು ಬ್ಯಾಂಕಿನಿಂದ ಬಿಡಿಸಿಕೊಂಡ ಬೆಳೆಗಾರರೊಬ್ಬರು ಶಿರಸಿ ಪೇಟೆಯಿಂದ ಊರಿಗೆ ಹೊರಟಿದ್ದಾರೆ ಎಂದಿಟ್ಟುಕೊಳ್ಳೋಣ. ಹಣ ಒಂದು ಬಟ್ಟೆಯ ಚೀಲದಲ್ಲಿದೆ, ಚೀಲ ಸ್ಕೂಟರಿನ ಡಿಕ್ಕಿಯಲ್ಲಿದೆ. ಸಂಜೆಯೊಳಗೆ ಆ ಚೀಲ ಅವರ ಕೈತಪ್ಪುತ್ತದೆ. ಕಳೆದುಕೊಂಡವರ ಮಟ್ಟಿಗೆ ನಷ್ಟ 2 ಲಕ್ಷ, ಅಷ್ಟೇ. ಆದರೆ ತೆಗೆದುಕೊಂಡು ಹೋದವನಿಗೆ ಆಗುವ ಶಿಕ್ಷೆ ಮೂರು ವರ್ಷದೊಳಗೆ ಮುಗಿಯಬಹುದು, ಜೀವಾವಧಿಯವರೆಗೂ ಹೋಗಬಹುದು. ಚೀಲ ಹೋದದ್ದು ಹೇಗೆ ಎಂಬುದರ ಮೇಲೆ ಅದು ನಿಂತಿದೆ.

ಪತ್ರಿಕೆಯ ತಲೆಬರಹಗಳಲ್ಲಿ ಕಳವು, ಸುಲಿಗೆ, ದರೋಡೆ, ಡಕಾಯಿತಿ ಎಂಬ ಮಾತುಗಳು ಒಂದರ ಜಾಗದಲ್ಲಿ ಇನ್ನೊಂದು ಬಂದುಬಿಡುತ್ತವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವು ನಾಲ್ಕೂ ಬೇರೆ ಬೇರೆ ಕಲಂಗಳು. ಸಂಹಿತೆ ಹೊಸದಾದರೂ ವ್ಯಾಖ್ಯೆಗಳು 1860ರ ದಂಡ ಸಂಹಿತೆಯಿಂದ ಹೆಚ್ಚುಕಡಿಮೆ ಹಾಗೇ ಇಳಿದು ಬಂದಿವೆ.

ಮೊದಲು ಸರಳವಾದದ್ದು. ಬೆಳೆಗಾರರು ದಾರಿಯಲ್ಲಿ ಹೋಟೆಲಿಗೆ ಹೋಗಿ ಚಹಾ ಕುಡಿಯುತ್ತಿರುವಾಗ ಯಾರೋ ಡಿಕ್ಕಿ ಮುರಿದು ಚೀಲ ಎತ್ತಿದರು. ಇದು 303ನೇ ಕಲಮಿನ ಕಳವು. ಇಲ್ಲಿ ಬಲಪ್ರಯೋಗವಿಲ್ಲ, ಭಯವಿಲ್ಲ. ಮಾಲೀಕರಿಗೆ ಗೊತ್ತೇ ಆಗಿಲ್ಲ. ಇನ್ನೊಬ್ಬರ ವಶದಲ್ಲಿರುವ ಚರ ವಸ್ತುವನ್ನು ಅವರ ಒಪ್ಪಿಗೆಯಿಲ್ಲದೆ, ಅಪ್ರಾಮಾಣಿಕ ಉದ್ದೇಶದಿಂದ ಇದ್ದ ಜಾಗದಿಂದ ಕದಲಿಸಿದರೆ ಸಾಕು, ಕಳವು ಪೂರ್ಣವಾಯಿತು. ಚೀಲವನ್ನು ಡಿಕ್ಕಿಯಿಂದ ಹೊರಗೆಳೆದು, ಯಾರೋ ಕೂಗಿದರೆಂದು ಅಲ್ಲೇ ಬಿಸಾಡಿ ಓಡಿದರೂ ಅದು ಬರೀ ಪ್ರಯತ್ನ ಎನಿಸಿಕೊಳ್ಳುವುದಿಲ್ಲ, ಕಳವೇ. ಶಿಕ್ಷೆ ಮೂರು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಹೊಸ ಸಂಹಿತೆ ಒಂದು ಮಾನವೀಯ ದಾರಿಯನ್ನೂ ತೆರೆದಿದೆ. ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಸಲ ತಪ್ಪಿತಸ್ಥನಾದವನು ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಜೈಲಿನ ಬದಲು ಸಮುದಾಯ ಸೇವೆಯ ಶಿಕ್ಷೆ.

ಈಗ ಚೀಲ ಡಿಕ್ಕಿಯಲ್ಲಿಲ್ಲ, ಬೆಳೆಗಾರರ ಹೆಗಲಿನಲ್ಲಿದೆ. ಬೈಕಿನಲ್ಲಿ ಬಂದ ಇಬ್ಬರು ಪಕ್ಕದಲ್ಲೇ ಹಾದು, ಚೀಲಕ್ಕೆ ಕೈಹಾಕಿ, ಎಳೆದುಕೊಂಡು ಹೋದರು. ಸರಗಳ್ಳರು ಮಾಡುವುದೂ ಇದನ್ನೇ. ಹಳೆಯ ಸಂಹಿತೆಯಲ್ಲಿ ಇದಕ್ಕೆಂದೇ ಪ್ರತ್ಯೇಕ ಕಲಂ ಇರಲಿಲ್ಲ. ಈಗ 304ನೇ ಕಲಂ ಇದೆ. ದಿಢೀರನೆ, ವೇಗವಾಗಿ ಅಥವಾ ಬಲವಂತವಾಗಿ ಕಿತ್ತುಕೊಂಡು ಹೋಗುವ ಕಳವು ಅದರ ವ್ಯಾಪ್ತಿಗೆ ಬರುತ್ತದೆ. ಆದರೆ ಕಿತ್ತುಕೊಳ್ಳುವಾಗ ಮೈಗೆ ಗಾಯವಾದರೆ ಮಾತು ಬೇರೆಯಾಗಬಹುದು. ಹತ್ತೊಂಬತ್ತನೇ ಶತಮಾನದ ಒಂದು ಪ್ರಕರಣದಲ್ಲಿ ಹೆಣ್ಣುಮಗಳೊಬ್ಬಳ ಮೂಗುತಿ ಎಳೆದಾಗ ಮೂಗಿನ ಹೊಳ್ಳೆ ಹರಿದು ರಕ್ತ ಸುರಿದಿತ್ತು. ನ್ಯಾಯಾಲಯ ಅದನ್ನು ದರೋಡೆಯೆಂದೇ ಪರಿಗಣಿಸಿತು. ಮೂಗುತಿ ಬೇಕೆಂದೇ ನೋವು ಕೊಟ್ಟದ್ದು ಅಲ್ಲಿ ಮುಖ್ಯವಾಯಿತು.

ಕಳವು ದರೋಡೆಯಾಗಿ ಬದಲಾಗುವ ಗಡಿ ಇದೇ. 309ನೇ ಕಲಂ ಹೇಳುವ ಪ್ರಕಾರ ಕದಿಯುವುದಕ್ಕಾಗಿ, ಕದಿಯುತ್ತಿರುವಾಗ, ಅಥವಾ ಕದ್ದದ್ದನ್ನು ಒಯ್ಯುವಾಗ, ಅದೇ ಉದ್ದೇಶ ಸಾಧಿಸಲು ಯಾರಿಗಾದರೂ ಸಾವು, ನೋವು ಅಥವಾ ಅಕ್ರಮ ತಡೆ ಉಂಟುಮಾಡಿದರೆ, ಉಂಟುಮಾಡಲು ಯತ್ನಿಸಿದರೆ, ಇಲ್ಲವೇ ಅವು ಆ ಕ್ಷಣವೇ ಆಗುತ್ತವೆಂಬ ಭಯ ಹುಟ್ಟಿಸಿದರೆ ಅದು ದರೋಡೆ. ‘ಅದೇ ಉದ್ದೇಶ ಸಾಧಿಸಲು’ ಎಂಬ ಮಾತಿನ ಮೇಲೆ ವಕೀಲರು ಗಂಟೆಗಟ್ಟಲೆ ವಾದಿಸುತ್ತಾರೆ, ವಾದಿಸಲೇಬೇಕು.

ಹೋಟೆಲಿನ ಮುಂದಕ್ಕೇ ಮರಳಿ ನೋಡಿದರೆ ಅದು ಅರ್ಥವಾಗುತ್ತದೆ. ಕಳ್ಳ ಚೀಲ ಎತ್ತುವಾಗಲೇ ಹೋಟೆಲಿನ ಹುಡುಗ ನೋಡಿ ಅವನ ಅಂಗಿ ಹಿಡಿದುಕೊಂಡ. ಕಳ್ಳ ಒಂದು ಕೈಯಲ್ಲಿ ಚೀಲವನ್ನು ಎದೆಗವಚಿಕೊಂಡು, ಇನ್ನೊಂದು ಕೈಯಿಂದ ಹುಡುಗನ ಮುಖಕ್ಕೆ ಗುದ್ದಿ ಓಡಿದ. ಗುದ್ದಿದ್ದು ಮಾಲು ಒಯ್ಯಲಿಕ್ಕೆ. ಹಾಗಾಗಿ ಇದು ದರೋಡೆ. ಏಟು ತಿಂದವನು ಹಣದ ಮಾಲೀಕನಲ್ಲ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಅದರ ಬದಲು, ಹುಡುಗ ಹಿಡಿದೊಡನೆ ಕಳ್ಳ ಚೀಲವನ್ನು ನೆಲಕ್ಕೆ ಬಿಟ್ಟು, ತಾನು ತಪ್ಪಿಸಿಕೊಂಡರೆ ಸಾಕೆಂದು ಗುದ್ದಿ ಓಡಿದ ಎನ್ನಿ. ಅದೇ ಹುಡುಗ, ಅದೇ ಗುದ್ದು. ಆದರೆ ಈಗ ಅವನ ಮೇಲೆ ಕಳವಿನ ಆರೋಪ ಒಂದು, ಹಲ್ಲೆಯ ಆರೋಪ ಇನ್ನೊಂದು, ದರೋಡೆ ನಿಲ್ಲುವುದಿಲ್ಲ. ಕಳ್ಳ ಚೀಲದ ದಾರ ಕತ್ತರಿಸುವಾಗ ಮಾಲೀಕರೇ ಕೈ ಅಡ್ಡ ಹಾಕಿ ಆಕಸ್ಮಿಕವಾಗಿ ಕೊಯ್ದುಕೊಂಡರೂ ಹೀಗೆಯೇ, ಏಕೆಂದರೆ ಆ ನೋವನ್ನು ಕಳ್ಳ ಬೇಕೆಂದು ಮಾಡಿದ್ದಲ್ಲ.

ಒಂದು ಏಟೂ ಬೀಳದೆ ದರೋಡೆ ಆಗುವುದೂ ಉಂಟು. ಅಡಿಕೆ ಗೋದಾಮಿಗೆ ನುಗ್ಗಿದವರು ಕಾವಲುಗಾರನನ್ನು ಕೋಣೆಗೆ ತಳ್ಳಿ ಹೊರಗಿನಿಂದ ಚಿಲಕ ಹಾಕಿ, ಮೂಟೆ ಸಾಗಿಸಿದರೆ ಅಷ್ಟೇ ಸಾಕು. ಇನ್ನು ಕಳ್ಳ ಸೊಂಟದಲ್ಲಿ ಚಾಕು ಸಿಕ್ಕಿಸಿಕೊಂಡು, ಯಾರಾದರೂ ತಡೆದರೆ ಇರಿಯುವ ಸಿದ್ಧತೆಯಲ್ಲೇ ಬಂದು, ಯಾರೂ ತಡೆಯದ ಕಾರಣ ಅದನ್ನು ಹೊರತೆಗೆಯದೆ ಕದ್ದು ಹೋದರೆ ದರೋಡೆ ಆಗದು. ಆದರೆ ಬರೀ ಕಳವೂ ಅಲ್ಲ. ಅದಕ್ಕೆ 307ನೇ ಕಲಂ ಇದೆ, ಹತ್ತು ವರ್ಷದವರೆಗೆ ಕಠಿಣ ಸಜೆಯಿದೆ.

ಸುಲಿಗೆಯ ದಾರಿ ಇದಕ್ಕಿಂತ ಬೇರೆ. ಕಳವಿನಲ್ಲಿ ವಸ್ತುವನ್ನು ಕಳ್ಳ ತೆಗೆದುಕೊಳ್ಳುತ್ತಾನೆ. ಸುಲಿಗೆಯಲ್ಲಿ ಮಾಲೀಕರೇ ಕೊಡುತ್ತಾರೆ, ಹೆದರಿ ಕೊಡುತ್ತಾರೆ. ಬೆಳೆಗಾರರ ಮೊಬೈಲಿಗೆ ಒಂದು ಕರೆ ಬಂತು: “ನಿಮ್ಮ ಮಗಳ ಫೋಟೋ ತಿದ್ದಿ ಊರಿಗೆಲ್ಲ ಕಳಿಸುತ್ತೇವೆ. ನಾಳೆಯೊಳಗೆ 2 ಲಕ್ಷ ಹಾಕಿ.” ಅವರು ಯಾರಿಗೂ ಹೇಳಲಾರದೆ ಹಣ ಕಳಿಸಿಬಿಟ್ಟರು. ಇದು 308ನೇ ಕಲಮಿನ ಸುಲಿಗೆ. ಇಲ್ಲಿ ಭಯ ಮೈಮೇಲಿನ ಏಟಿನದೇ ಆಗಬೇಕೆಂದಿಲ್ಲ. ಮಾನ, ಮನಸ್ಸು, ಆಸ್ತಿ ಯಾವುದಕ್ಕೆ ಹಾನಿಯಾಗುವ ಹೆದರಿಕೆಯೂ ಸಾಕು. ಹಣವೇ ಆಗಬೇಕೆಂದೂ ಇಲ್ಲ. ಹೆದರಿಸಿ ತೋಟದ ಕ್ರಯಪತ್ರಕ್ಕೆ ಸಹಿ ಹಾಕಿಸಿಕೊಂಡರೂ ಸುಲಿಗೆಯೇ. ಜಮೀನನ್ನು ಕದಿಯಲಾಗದು, ಸುಲಿಯಲಾದೀತು. ಹಳೆಯ ಸಂಹಿತೆಯಲ್ಲಿ ಇದಕ್ಕೆ ಮೂರು ವರ್ಷದವರೆಗಿನ ಶಿಕ್ಷೆಯಿತ್ತು, ಈಗ ಏಳು ವರ್ಷದವರೆಗೆ ಏರಿದೆ. ಮಾನಕ್ಕೆ ಅಂಜಿ ಬಾಯಿಮುಚ್ಚಿ ಹಣ ತೆರುತ್ತಿರುವ ಮನೆಗಳನ್ನು ನೆನೆದರೆ ಈ ಏರಿಕೆ ಅಗತ್ಯವೇ ಆಗಿತ್ತು ಎನ್ನಬೇಕು.

ಸುಲಿಗೆ ಯಾವಾಗ ದರೋಡೆಯಾಗುತ್ತದೆ? ಸಂಹಿತೆಯೇ ಒಂದು ಜೋಡಿ ಉದಾಹರಣೆ ಕೊಟ್ಟಿದೆ, ಅವು 1860ರಿಂದಲೂ ಇವೆ. ಹೆದ್ದಾರಿಯಲ್ಲಿ ಮಗುವಿನೊಂದಿಗೆ ಹೋಗುತ್ತಿದ್ದವನನ್ನು ಒಬ್ಬ ಅಡ್ಡಗಟ್ಟಿ, ಮಗುವನ್ನು ಕಿತ್ತುಕೊಂಡು, ಹಣದ ಚೀಲ ಕೊಡದಿದ್ದರೆ ಪ್ರಪಾತಕ್ಕೆ ಎಸೆಯುವುದಾಗಿ ಹೆದರಿಸುತ್ತಾನೆ. ತಂದೆ ಚೀಲ ಕೊಟ್ಟುಬಿಡುತ್ತಾನೆ. ಇದು ದರೋಡೆ. ಎರಡನೆಯದರಲ್ಲಿ, ಮಗು ನಮ್ಮ ತಂಡದವರ ಕೈಯಲ್ಲಿದೆ, ಹಣ ಕಳಿಸದಿದ್ದರೆ ಕೊಲ್ಲುತ್ತೇವೆ ಎಂದು ಹೇಳಿ ವಸೂಲಿ ಮಾಡುತ್ತಾರೆ. ಇದು ಸುಲಿಗೆ, ಮಗುವಿನ ಸಾವು ಆ ಕ್ಷಣವೇ ಎದುರಿಗಿದೆ ಎಂಬ ಭಯವಿಲ್ಲದಿದ್ದರೆ ದರೋಡೆಯಲ್ಲ. ತಂದೆಯ ಎದೆಬಡಿತ ಎರಡರಲ್ಲೂ ಒಂದೇ. ಕಾನೂನು ಅಳೆಯುವುದು ಮೂರು ಸಂಗತಿಗಳನ್ನು: ಹೆದರಿಸುವವನು ಹತ್ತಿರದಲ್ಲೇ ಇದ್ದನೇ, ಅಪಾಯ ಆ ಗಳಿಗೆಯದೇ, ವಸ್ತುವನ್ನು ಅಲ್ಲೇ ಆಗಲೇ ಕೊಡಬೇಕಾಯಿತೇ. ಫೋನಿನಲ್ಲಿ ಗದರಿಸಿದವನೇ ನಾಳೆ ಮನೆ ಬಾಗಿಲಿಗೆ ಬಂದು ಮಚ್ಚು ತೋರಿಸಿ ಚೀಲ ಇಸಿದುಕೊಂಡರೆ ಅವನು ಸುಲಿಗೆಯಿಂದ ದರೋಡೆಗೆ ದಾಟಿದಂತೆ. ದರೋಡೆಗೆ ಹತ್ತು ವರ್ಷದವರೆಗೆ ಕಠಿಣ ಸಜೆ. ನಡೆದದ್ದು ಹೆದ್ದಾರಿಯಲ್ಲಿ, ಸೂರ್ಯ ಮುಳುಗಿದ ಮೇಲೆ, ಮೂಡುವ ಮೊದಲು ಆದರೆ ಹದಿನಾಲ್ಕು ವರ್ಷದವರೆಗೆ.

ಡಕಾಯಿತಿಗೆ ಬೇಕಾದದ್ದು ಕುದುರೆ, ಬಂದೂಕು, ಕಣಿವೆಗಳಲ್ಲ. ಬೇಕಾದದ್ದು ತಲೆಲೆಕ್ಕ. ಐದು ಅಥವಾ ಹೆಚ್ಚು ಜನ ಸೇರಿ ದರೋಡೆ ಮಾಡಿದರೆ, ಮಾಡಲು ಯತ್ನಿಸಿದರೂ ಸಹ, 310ನೇ ಕಲಮಿನಂತೆ ಅದು ಡಕಾಯಿತಿ. ಬೆಳೆಗಾರರನ್ನು ಘಟ್ಟದ ತಿರುವಿನಲ್ಲಿ ಮೂವರು ತಡೆದರು, ನಾಲ್ಕನೆಯವನು ರಸ್ತೆಯ ಆ ಕಡೆ ಕಾವಲು ನಿಂತ, ಐದನೆಯವನು ಎಂಜಿನ್ ಆರಿಸದೆ ಕಾರಿನಲ್ಲೇ ಕೂತ. ಕಾರಿನವನು ಚೀಲ ಮುಟ್ಟಿಲ್ಲ, ಬಾಯಿ ಬಿಟ್ಟಿಲ್ಲ. ಆದರೂ ಸ್ಥಳದಲ್ಲಿದ್ದು ನೆರವಾದವನು ಲೆಕ್ಕಕ್ಕೆ ಸೇರುತ್ತಾನೆ, ಐವರೂ ಡಕಾಯಿತರಾಗುತ್ತಾರೆ. ಬ್ಯಾಂಕಿನ ಬಳಿ ನಿಂತು ಹಣದ ಸುಳಿವು ಕೊಟ್ಟು ಮನೆಗೆ ಹೋದವನು ಒಳಸಂಚಿಗೆ ಹೊಣೆಯಾದಾನು, ಈ ಐದರ ಎಣಿಕೆಗೆ ಬರುವುದಿಲ್ಲ.

ಸಂಖ್ಯೆಗೆ ಇಷ್ಟು ತೂಕ ಏಕೆಂದರೆ ಗುಂಪಿನ ಎದುರು ಒಬ್ಬಂಟಿ ಮನುಷ್ಯನ ಪ್ರತಿರೋಧ ನಡೆಯುವುದಿಲ್ಲ. ಅದಕ್ಕೇ ಕಾನೂನು ಇಲ್ಲಿ ಬೇಗನೆ ಕೈಹಾಕುತ್ತದೆ. ಮಚ್ಚು, ಹಗ್ಗ, ಖಾರದ ಪುಡಿ ಸಮೇತ ಹೊಂಚು ಹಾಕಿದ್ದವರ ಬಂಧನ ಎಂಬ ಸುದ್ದಿ ಆಗಾಗ ಬರುತ್ತದಲ್ಲ, ಅಲ್ಲಿ ಯಾರ ಹಣವೂ ಹೋಗಿರುವುದಿಲ್ಲ. ಡಕಾಯಿತಿಗೆಂದು ಐವರು ಕೂಡುವುದೇ ಏಳು ವರ್ಷದವರೆಗಿನ ಅಪರಾಧ, ಸಿದ್ಧತೆ ನಡೆಸುವುದು ಹತ್ತು ವರ್ಷದವರೆಗಿನದು. ಡಕಾಯಿತಿಯೇ ನಡೆದರೆ ಜೀವಾವಧಿಯವರೆಗೆ. ನಡುವೆ ಒಬ್ಬ ಕೊಲೆ ಮಾಡಿದರೆ ಎಲ್ಲರೂ ಮರಣದಂಡನೆಯವರೆಗೆ ಹೊಣೆ. 1925ರ ಆಗಸ್ಟ್ 9ರಂದು ಲಖನೌ ಸಮೀಪದ ಕಾಕೋರಿಯಲ್ಲಿ ಕ್ರಾಂತಿಕಾರಿಗಳು ರೈಲು ನಿಲ್ಲಿಸಿ ಸರ್ಕಾರಿ ಖಜಾನೆಯ ಹಣ ವಶಪಡಿಸಿಕೊಂಡಾಗ ಗುಂಡು ತಗುಲಿ ಪ್ರಯಾಣಿಕನೊಬ್ಬ ಸತ್ತ. ಬ್ರಿಟಿಷ್ ಸರ್ಕಾರ ಹೊರಿಸಿದ ಆರೋಪಗಳಲ್ಲಿ ಕೊಲೆಸಹಿತ ಡಕಾಯಿತಿಯೂ ಒಂದಾಗಿತ್ತು. ಸ್ವಾತಂತ್ರ್ಯಕ್ಕಾಗಿ ಹೋರಾಡಿದವರ ವಿರುದ್ಧ ಈ ಕಲಮು ಬಳಕೆಯಾದ ಬಗೆ ಇಂದಿಗೂ ನೋಯಿಸುತ್ತದೆ.

ತಲೆಲೆಕ್ಕ ನ್ಯಾಯಾಲಯದಲ್ಲಿ ಕುಸಿಯುವುದೂ ಇದೆ. ರಾಮ್ ಲಖನ್ ಪ್ರಕರಣದಲ್ಲಿ 1983ರಲ್ಲಿ ಸುಪ್ರೀಂ ಕೋರ್ಟ್, ಹೆಸರಿಸಿದ ಉಳಿದವರು ಬಿಡುಗಡೆಯಾಗಿ ಐವರಿದ್ದರೆಂದು ಸಾಬೀತಾಗದೆ ಹೋದರೆ ಉಳಿದ ಒಬ್ಬನನ್ನು ಡಕಾಯಿತಿಗೆ ಶಿಕ್ಷಿಸಲಾಗದು ಎಂದಿತು. ಹಾಗೆಂದು ಐವರೂ ಸಿಕ್ಕಿಬೀಳಲೇಬೇಕೆಂದಿಲ್ಲ. ಇಬ್ಬರೇ ಸಿಕ್ಕಿದ್ದರೂ, ಗುರುತು ಸಿಗದ ಇನ್ನೂ ಮೂವರು ಜೊತೆಗಿದ್ದರೆಂದು ನ್ಯಾಯಾಲಯಕ್ಕೆ ಮನವರಿಕೆಯಾದರೆ ಸಾಕು. ಆದ್ದರಿಂದ ಬೆಳೆಗಾರರು ಠಾಣೆಯಲ್ಲಿ ದೂರು ಬರೆಸುವಾಗ ತಾವು ಕಂಡವರು ಎಷ್ಟು ಮಂದಿ, ಯಾರು ಎಲ್ಲಿ ನಿಂತಿದ್ದರು, ಮುಸುಕು ಹಾಕಿದ್ದವರು ಯಾರು, ಮೊದಲ ಏಟು ಬಿದ್ದದ್ದು ಚೀಲ ಹೋಗುವ ಮೊದಲೋ ನಂತರವೋ, ಆಗ ಆಡಿದ ಮಾತೇನು ಎಂಬುದನ್ನು ನೆನಪಿದ್ದ ಕ್ರಮದಲ್ಲೇ ಹೇಳಬೇಕು. ‘ಕೆಲವರು ಬಂದು ಹಣ ಕಸಿದರು’ ಎಂಬ ಒಂದು ಸಾಲು ಮುಂದೆ ಬಹಳ ತೊಡಕು ತರುತ್ತದೆ. ಕೊನೆಗೆ ನಾಲ್ವರಷ್ಟೇ ಇದ್ದರೆಂದು ತೀರ್ಮಾನವಾದರೆ ಡಕಾಯಿತಿ ಬಿದ್ದುಹೋಗುತ್ತದೆ, ದರೋಡೆ ಉಳಿಯುತ್ತದೆ. ಘಟ್ಟದ ರಸ್ತೆ ಹೆದ್ದಾರಿಯಾಗಿದ್ದು, ಹೊತ್ತು ಮುಳುಗಿದ್ದರೆ, ಆ ನಾಲ್ವರಿಗೂ ಹದಿನಾಲ್ಕು ವರ್ಷದವರೆಗೆ ಸಜೆ ಆಗಬಹುದು.