ಐನ್‌ಸ್ಟೈನರ ಲೇಖನವನ್ನು ಹಿಂದಿರುಗಿಸಿದ ಪರಾಮರ್ಶಕ

1936ನೆಯ ಇಸವಿ ಜೂನ್ 1ರಂದು ಅಮೆರಿಕದ ‘ಫಿಸಿಕಲ್ ರಿವ್ಯೂ’ ಪತ್ರಿಕೆಯ ಕಚೇರಿಗೆ ಒಂದು ಲೇಖನ ಬಂದು ಸೇರಿತು. ಬರೆದವರು ಆಲ್ಬರ್ಟ್ ಐನ್‌ಸ್ಟೈನ್ ಮತ್ತು ಅವರ ಸಹಾಯಕರಾಗಿದ್ದ ನೇಥನ್ ರೋಸೆನ್. ಗುರುತ್ವ ತರಂಗಗಳು ಉಂಟೆ ಎಂಬುದು ಲೇಖನದ ಪ್ರಶ್ನೆ. ಇಲ್ಲವೆಂಬುದೇ ಅದರ ಉತ್ತರ. ಇಂತಹ ತರಂಗಗಳು ಇರಬೇಕೆಂದು 1916ರಲ್ಲಿ ಹೇಳಿದವರು ಐನ್‌ಸ್ಟೈನರೇ. ಆಗ ಅವರು ಸಮೀಕರಣಗಳನ್ನು ಸುಲಭಗೊಳಿಸಿ, ಸರಿಸುಮಾರಾದ ಉತ್ತರವನ್ನು ಪಡೆದಿದ್ದರು. ಇಪ್ಪತ್ತು ವರ್ಷಗಳ ಮೇಲೆ ನಿಖರವಾದ ಉತ್ತರವನ್ನು ಹುಡುಕಹೊರಟಾಗ, ಸಮತಲ ತರಂಗಗಳ ಗಣಿತದಲ್ಲಿ ಒಂದೆಡೆ ಬೆಲೆಗಳು ಅನಂತಕ್ಕೆ ಹಾರಿಹೋಗುವುದು ಕಂಡಿತು. ಆದುದರಿಂದ ತರಂಗಗಳೇ ಇಲ್ಲವೆಂದು ಇಬ್ಬರೂ ನಿರ್ಣಯಿಸಿದರು.

ಪತ್ರಿಕೆಯ ಸಂಪಾದಕರು ಜಾನ್ ಟೇಟ್. ಲೇಖಕರ ಹೆಸರನ್ನು ನೋಡಿದೊಡನೆ ಅಚ್ಚಿಗೆ ಕಳುಹಿಸಿದ್ದರೆ ಅವರನ್ನು ಯಾರೂ ದೂರುತ್ತಿರಲಿಲ್ಲ. ಅವರು ಒಂದು ತಿಂಗಳಿಗೂ ಹೆಚ್ಚು ಕಾಲ ಲೇಖನವನ್ನು ತಮ್ಮಲ್ಲಿಟ್ಟುಕೊಂಡು, ಜುಲೈ ತಿಂಗಳಲ್ಲಿ ಅದೇ ವಿಷಯವನ್ನು ಬಲ್ಲ ಇನ್ನೊಬ್ಬ ವಿದ್ವಾಂಸರ ಅಭಿಪ್ರಾಯಕ್ಕೆ ಕಳುಹಿಸಿದರು. ಸಮಾನ ವಿದ್ವಾಂಸರ ಪರಾಮರ್ಶೆ ಎಂದು ನಾವು ಕರೆಯುವ ಕ್ರಮ ಇದೇ. ಇಂದು ಇದು ಬಹುಮಟ್ಟಿಗೆ ಎಲ್ಲ ಸಂಶೋಧನ ಪತ್ರಿಕೆಗಳ ವಾಡಿಕೆಯಾಗಿದೆ. ಸಂಪಾದಕರು ಮೊದಲು ಲೇಖನವು ತಮ್ಮ ಪತ್ರಿಕೆಗೆ ತಕ್ಕುದೇ ಎಂದು ನೋಡುತ್ತಾರೆ. ಬಳಿಕ ಇಬ್ಬರು ಮೂವರು ತಜ್ಞರಿಗೆ ಕಳುಹಿಸುತ್ತಾರೆ. ಸಾಮಾನ್ಯವಾಗಿ ಈ ಪರಾಮರ್ಶಕರಿಗೆ ಸಂಭಾವನೆಯಿಲ್ಲ, ಅವರ ಹೆಸರು ಲೇಖಕರಿಗೆ ತಿಳಿಯುವುದೂ ಇಲ್ಲ. ಅವರು ಸಲಹೆಯನ್ನು ಮಾತ್ರ ಕೊಡುತ್ತಾರೆ. ಅಚ್ಚು ಮಾಡುವುದು, ತಿದ್ದಲು ಹೇಳುವುದು, ಬಿಡುವುದು ಸಂಪಾದಕರ ಹೊಣೆ. ಪರಾಮರ್ಶಕರು ಲೇಖನವನ್ನು ತಿರಸ್ಕರಿಸಿದರೆಂದು ಜನ ಹೇಳುವುದುಂಟು. ಆ ಮಾತು ಪೂರ್ತಿ ಸರಿಯಲ್ಲ.

ಐನ್‌ಸ್ಟೈನರ ಲೇಖನಕ್ಕೆ ಬಂದ ಪರಾಮರ್ಶೆ ಹತ್ತು ಪುಟಗಳಷ್ಟಿತ್ತು. ಅದನ್ನು ಬರೆದವರು ಪ್ರಿನ್‌ಸ್ಟನ್ನಿನ ಎಚ್. ಪಿ. ರಾಬರ್ಟ್‌ಸನ್ ಎಂಬುದು ಪತ್ರಿಕೆಯ ಹಳೆಯ ದಾಖಲೆ ಪುಸ್ತಕದಿಂದ ಖಚಿತವಾದುದು 2005ರಲ್ಲಿ. ಅವರ ಆಕ್ಷೇಪವನ್ನು ಭೂಗೋಳದ ಉದಾಹರಣೆಯಿಂದ ತಿಳಿಯಬಹುದು. ಭೂಮಿಯ ಮೇಲೆ ಒಂದು ಸ್ಥಳವನ್ನು ಗುರುತಿಸಲು ಅಕ್ಷಾಂಶ ರೇಖಾಂಶಗಳನ್ನು ಹೇಳುತ್ತೇವೆ. ಉತ್ತರ ಧ್ರುವದಲ್ಲಿ ಎಲ್ಲ ರೇಖಾಂಶಗಳೂ ಕೂಡುವುದರಿಂದ ಅಲ್ಲಿಯ ರೇಖಾಂಶ ಎಷ್ಟೆಂದು ಕೇಳಿದರೆ ಉತ್ತರವಿಲ್ಲ. ಹಾಗೆಂದು ಧ್ರುವದಲ್ಲಿ ಭೂಮಿಗೆ ತೂತು ಬಿದ್ದಿಲ್ಲ! ತೊಡಕಿರುವುದು ನಾವು ಎಳೆದ ಗೆರೆಗಳಲ್ಲಿ, ನೆಲದಲ್ಲಲ್ಲ. ಐನ್‌ಸ್ಟೈನ್ ಮತ್ತು ರೋಸೆನ್ ಕಂಡ ಅನಂತವೂ ಅವರು ಆರಿಸಿಕೊಂಡ ನಿರ್ದೇಶಾಂಕಗಳಿಂದ ಹುಟ್ಟಿದ್ದು ಎಂದು ರಾಬರ್ಟ್‌ಸನ್ ತೋರಿಸಿದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ನಿರ್ದೇಶಾಂಕಗಳನ್ನು ಬದಲಿಸಿದರೆ ಅದೇ ಗಣಿತವು ಉರುಳೆಯಾಕಾರದ ತರಂಗಗಳನ್ನು ವರ್ಣಿಸುತ್ತದೆ. ಆಗ ತೊಡಕು ಉರುಳೆಯ ನಡುವಣ ಅಕ್ಷಕ್ಕೆ ಸರಿಯುತ್ತದೆ. ತರಂಗಗಳನ್ನು ಹೊರಡಿಸುವ ವಸ್ತು ಇರಬೇಕಾದದ್ದು ಅಲ್ಲಿಯೇ ಆದುದರಿಂದ ಅದರಲ್ಲಿ ಅಚ್ಚರಿಯೇನೂ ಇಲ್ಲ ಎಂದು ಸೂಚಿಸಿದರು.

ಒಳ್ಳೆಯ ಪರಾಮರ್ಶಕನು ಏನನ್ನು ನೋಡುತ್ತಾನೆ ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ನಮಗೆ ತಿಳಿಯದು. ಹೇಳಿರುವ ನಿರ್ಣಯವು ಕೊಟ್ಟಿರುವ ಆಧಾರದಿಂದ ನಿಜವಾಗಿ ಹೊರಡುತ್ತದೆಯೆ? ಅದೇ ಆಧಾರಕ್ಕೆ ಬೇರೆ ಅರ್ಥವಿರಬಹುದೆ? ಅವನ ಮುಖ್ಯ ಪ್ರಶ್ನೆಗಳು ಇವೆರಡೇ. ಮಾಡಿದ್ದನ್ನು ಇನ್ನೊಬ್ಬರು ಮತ್ತೆ ಮಾಡಿ ನೋಡುವಷ್ಟು ವಿವರವಿದೆಯೆ, ಹಿಂದಿನವರ ಕೆಲಸವನ್ನು ಗಮನಿಸಲಾಗಿದೆಯೆ ಎಂಬುವು ಅವುಗಳ ಹಿಂದೆ ಬರುತ್ತವೆ.

ಜುಲೈ 23ರಂದು ಟೇಟ್ ಅವರು ಈ ಟೀಕೆಗಳನ್ನು ಕಳುಹಿಸಿ, ಇವಕ್ಕೆ ತಮ್ಮ ಸಮಾಧಾನವೇನೆಂದು ವಿನಯದಿಂದ ಕೇಳಿದರು. ನಾಲ್ಕೇ ದಿನಗಳಲ್ಲಿ ಖಾರವಾದ ಉತ್ತರ ಬಂದಿತು. ನಾವು ಲೇಖನವನ್ನು ಕಳುಹಿಸಿದ್ದು ಪ್ರಕಟಣೆಗೆ. ಅಚ್ಚಾಗುವ ಮೊದಲು ಇತರರಿಗೆ ತೋರಿಸಲು ತಮಗೆ ಅನುಮತಿ ಕೊಟ್ಟಿರಲಿಲ್ಲ. ಹೇಗೂ ತಪ್ಪಾಗಿರುವ ಈ ಅನಾಮಧೇಯ ಟೀಕೆಗೆ ಉತ್ತರಿಸಲು ಕಾರಣ ಕಾಣೆ. ಲೇಖನವನ್ನು ಬೇರೆಡೆ ಪ್ರಕಟಿಸುತ್ತೇನೆ ಎಂಬುದು ಅದರ ತಾತ್ಪರ್ಯ. ಐನ್‌ಸ್ಟೈನರ ಪರವಾಗಿಯೂ ಒಂದು ಮಾತು ಹೇಳಬೇಕು. ಅವರು ಬೆಳೆದ ಜರ್ಮನಿಯ ಪತ್ರಿಕೆಗಳಲ್ಲಿ ಸಂಪಾದಕರೇ ಓದಿ ತೀರ್ಮಾನಿಸುವುದು ರೂಢಿಯಾಗಿತ್ತು. ಹೊರಗಿನವರ ಪರಾಮರ್ಶೆ ಅವರಿಗೆ ಹೊಸದು.

ಲೇಖನವನ್ನು ಫಿಲಡೆಲ್ಫಿಯದ ಫ್ರಾಂಕ್ಲಿನ್ ಸಂಸ್ಥೆಯ ಪತ್ರಿಕೆ ಒಪ್ಪಿಕೊಂಡಿತು. ಅಷ್ಟರಲ್ಲಿ ಲಿಯೊಪೋಲ್ಡ್ ಇನ್‌ಫೆಲ್ಡ್ ಎಂಬವರು ಐನ್‌ಸ್ಟೈನರ ಹೊಸ ಸಹಾಯಕರಾಗಿ ಬಂದರು. ರಾಬರ್ಟ್‌ಸನ್ ಅವರೊಡನೆ ಸ್ನೇಹ ಬೆಳೆಸಿ, ತಾವೇ ಪರಾಮರ್ಶಕರೆಂಬುದನ್ನು ಹೇಳದೆ, ವಾದದಲ್ಲಿನ ದೋಷವನ್ನು ವಿವರಿಸಿದರು. ಇನ್‌ಫೆಲ್ಡ್ ಅದನ್ನು ಐನ್‌ಸ್ಟೈನರಿಗೆ ತಿಳಿಸಿದಾಗ, ತಾವೂ ಹಿಂದಿನ ರಾತ್ರಿಯೇ ಒಂದು ದೋಷವನ್ನು ಕಂಡುದಾಗಿ ಅವರು ಹೇಳಿದರಂತೆ. ಕರಡಚ್ಚಿನಲ್ಲೇ ಲೇಖನ ತಿದ್ದಲ್ಪಟ್ಟಿತು. 1937ರಲ್ಲಿ ಅದು ಹೊರಬಂದಾಗ ಶಿರೋನಾಮೆ ‘ಗುರುತ್ವ ತರಂಗಗಳನ್ನು ಕುರಿತು’ ಎಂದಾಗಿತ್ತು, ಒಳಗೆ ಉರುಳೆಯಾಕಾರದ ತರಂಗಗಳಿದ್ದುವು. ಆ ತರಂಗಗಳು ಭೂಮಿಯನ್ನು ಹಾದುಹೋದುದನ್ನು ಉಪಕರಣಗಳು 2015ರ ಸೆಪ್ಟೆಂಬರ್ 14ರಂದು ಗುರುತಿಸಿದುವು.

ವಿಷಯ ಒಂದೇ, ಅನಾಮಧೇಯ ಕಾಗದದಲ್ಲಿ ಬಂದಾಗ ಅದು ಅಪಮಾನವೆನಿಸಿತು, ಸ್ನೇಹಿತನ ಬಾಯಿಂದ ಬಂದಾಗ ಉಪಯೋಗಕ್ಕೆ ಬಂದಿತು. ಟೀಕೆಯನ್ನು ಓದುವವನು ಅದರ ಧ್ವನಿಯನ್ನು ತೆಗೆದಿಟ್ಟು, ಉಳಿದ ವಿಷಯವೇನೆಂದು ನೋಡತಕ್ಕದ್ದು. ನಮ್ಮ ಕಾಲೇಜು ಪ್ರಯೋಗಾಲಯದ ಮಟ್ಟದಲ್ಲೇ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ವಿದ್ಯಾರ್ಥಿಯೊಬ್ಬನು ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಅಳೆದು, ಸೆಕೆಂಡಿಗೆ ಸೆಕೆಂಡಿಗೆ 963 ಸೆಂಟಿಮೀಟರು ಎಂದು ಬರೆದಿದ್ದಾನೆ. ಬರಬೇಕಾದುದು ಸುಮಾರು 978. ಪರೀಕ್ಷಿಸಿದವರು ಅಂಚಿನಲ್ಲಿ, ‘ಗುಂಡನ್ನು ಎಷ್ಟು ಕೋನಕ್ಕೆ ಎಳೆದು ಬಿಟ್ಟಿರಿ? ಬರೆದಿಲ್ಲ’ ಎಂದು ಗೀಚಿದ್ದಾರೆ. ಇದು ಬರಿಯ ತಕರಾರೆಂದು ತೋರಬಹುದು. ಆದರೆ ಪಠ್ಯಪುಸ್ತಕದ ಸೂತ್ರವು ಸಣ್ಣ ಕೋನಗಳಿಗೆ ಮಾತ್ರ ಸಲ್ಲುತ್ತದೆ. 20 ಡಿಗ್ರಿಗೆ ಎಳೆದು ಬಿಟ್ಟರೆ ತೂಗಾಟದ ಅವಧಿಯು ಶೇಕಡ ಮುಕ್ಕಾಲರಷ್ಟು ಹೆಚ್ಚುತ್ತದೆ. ಲೆಕ್ಕದಲ್ಲಿ ಅವಧಿಯ ವರ್ಗ ಬರುವುದರಿಂದ ಉತ್ತರವು ಶೇಕಡ ಒಂದೂವರೆ ಇಳಿಯುತ್ತದೆ. 978 ಹೋಗಿ 963 ಆಗುತ್ತದೆ. ಕಾಣೆಯಾದ 15 ಸೆಂಟಿಮೀಟರುಗಳು ಆ ತಕರಾರಿನಲ್ಲೇ ಅಡಗಿದ್ದುವು. 5 ಡಿಗ್ರಿಗೆ ಎಳೆದಿದ್ದರೆ ವ್ಯತ್ಯಾಸವು ಒಂದೇ ಸೆಂಟಿಮೀಟರು. ಇಂತಹ ಟೀಕೆಗೆ ‘ಕೋನ ಚಿಕ್ಕದಾಗಿತ್ತು’ ಎಂದರೆ ಸಾಲದು. ಮತ್ತೆ ಅಳೆದು, ಕೋನವನ್ನು ಲೇಖನದಲ್ಲಿ ಬರೆದು, ಯಾವ ಪುಟದಲ್ಲಿ ತಿದ್ದಿದೆಯೆಂಬುದನ್ನು ಸಂಪಾದಕರಿಗೆ ತಿಳಿಸಬೇಕು.

ಪರಾಮರ್ಶಕನೇ ತಪ್ಪಿದ್ದರೆ? ಅದೂ ಉಂಟು. ನಾಲ್ಕನೆಯ ಪುಟದಲ್ಲಿ ಹೇಳಿರುವುದನ್ನು ಹೇಳಿಲ್ಲವೆಂದು ಅವನು ಬರೆದರೆ, ಆ ವಾಕ್ಯವು ಕಣ್ಣಿಗೆ ಬೀಳದ ಮೂಲೆಯಲ್ಲಿದೆ ಎಂದರ್ಥ; ಅದನ್ನು ಮುಂದಕ್ಕೆ ತಂದರಾಯಿತು. ಅವನ ವಾದವೇ ತಪ್ಪಾದರೆ ಕಾರಣ ಸಹಿತ ಒಪ್ಪದಿರಬಹುದು. ಆಗ ಸಂಪಾದಕರು ಇನ್ನೊಬ್ಬ ತಜ್ಞರನ್ನು ಕೇಳುವುದುಂಟು.

ಪರಾಮರ್ಶಕನು ಪ್ರಯೋಗವನ್ನು ತಾನೇ ಮಾಡಿ ನೋಡುವುದಿಲ್ಲ ಎಂಬುದನ್ನೂ ಹೇಳಬೇಕು. ಕೊಟ್ಟ ಅಂಕಿಗಳು ಪ್ರಾಮಾಣಿಕವೆಂದು ನಂಬಿ ಅವನು ಕೆಲಸಕ್ಕೆ ತೊಡಗುತ್ತಾನೆ. ಬೆಲ್ ಪ್ರಯೋಗಾಲಯದ ಯಾನ್ ಹೆಂಡ್ರಿಕ್ ಶೋನ್ ಎಂಬ ಭೌತವಿಜ್ಞಾನಿಯ ಲೇಖನಗಳು ‘ನೇಚರ್’, ‘ಸೈನ್ಸ್’ ಪತ್ರಿಕೆಗಳ ಪರಾಮರ್ಶೆಯನ್ನು ದಾಟಿ ಅಚ್ಚಾದುವು. ಅವುಗಳಲ್ಲಿ ಕೃತಕ ಅಂಕಿಗಳಿದ್ದುವೆಂದು 2002ರಲ್ಲಿ ವಿಚಾರಣಾ ಸಮಿತಿ ಕಂಡಿತು. ಬೇರೆ ಬೇರೆ ಪ್ರಯೋಗಗಳದೆಂದು ಹೇಳಿದ್ದ ನಕ್ಷೆಗಳಲ್ಲಿ ಆಕಸ್ಮಿಕವಾಗಿ ಬರಬೇಕಾದ ಸಣ್ಣ ಏರಿಳಿತಗಳೂ ಒಂದೇ ಆಗಿದ್ದುವು. ಆಯಾ ಪರಾಮರ್ಶಕರ ಮುಂದೆ ಇದ್ದುದು ಒಂದೊಂದೇ ಲೇಖನ. ಅವುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದವರು ಮುಂದಿನ ಓದುಗರು.